ಫ್ಲಾಸ್ಕಿನಲ್ಲಿ ಕಾಣದ ಬಿಸಿ

2007ರ ಡಿಸೆಂಬರ್ 19ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಪುಟ್ಟ ಕಾರ್ಖಾನೆಯ ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. ಪೆಟ್ರೋಲಿಗೆ ಬೆರೆಸುವ ಮ್ಯಾಂಗನೀಸ್ ಸಂಯುಕ್ತವೊಂದನ್ನು ಅಲ್ಲಿ ತಯಾರಿಸುತ್ತಿದ್ದರು. ಹಾಗೆಂದು ಪ್ರಯೋಗ ಮಾಡದೆ ಕೈಹಾಕಿದವರೇನೂ ಅಲ್ಲ. ಒಂದು ಲೀಟರಿನ ಪಾತ್ರೆಯಲ್ಲಿ 110 ಸಲ ಮಾಡಿ ನೋಡಿದ್ದರು. ಅಲ್ಲಿಂದ ನೇರವಾಗಿ ಸುಮಾರು 9,300 ಲೀಟರಿನ ರಿಯಾಕ್ಟರಿಗೆ ಹಾರಿದ್ದರು.

ಬಿಸಿ ಹುಟ್ಟುವುದು ದ್ರವದ ಒಡಲೊಳಗೆ, ಹೊರಹೋಗುವುದು ಪಾತ್ರೆಯ ಗೋಡೆಯ ಮೂಲಕ. ಅದೇ ಆಕಾರದ ಪಾತ್ರೆ 9,300 ಪಟ್ಟು ದೊಡ್ಡದಾದರೆ, ಒಂದೊಂದು ಲೀಟರಿನ ಪಾಲಿಗೆ ಸಿಗುವ ಗೋಡೆ ಇಪ್ಪತ್ತೊಂದರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಇತ್ತ ಉಷ್ಣತೆ ಹತ್ತು ಡಿಗ್ರಿ ಏರಿದರೆ ಬಹಳಷ್ಟು ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಂಪು ಮಾಡುವ ಶಕ್ತಿ ಆ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಹೀಗಾಗಿ ಫ್ಲಾಸ್ಕಿನ ಥರ್ಮಾಮೀಟರ್ ಶಾಂತವಾಗಿದ್ದರೆ ಅದು ಗೋಡೆಯ ಕೃಪೆ, ಕ್ರಿಯೆಯ ಗುಣವಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ತಂಪು ಪೂರ್ತಿ ಕೈಕೊಟ್ಟರೆ ಉಷ್ಣತೆ ಎಲ್ಲಿಯವರೆಗೆ ಏರೀತು? ಇದಕ್ಕೆ ಉತ್ತರ ಪಾತ್ರೆಯ ಗಾತ್ರವನ್ನು ಅವಲಂಬಿಸಿಲ್ಲ ಎಂಬುದೇ ಈ ಲೆಕ್ಕದ ಸೊಗಸು. ಒಂದು ಕಿಲೋ ಮಿಶ್ರಣ 200 ಕಿಲೋಜೂಲ್ ಬಿಸಿ ಬಿಡುತ್ತದೆ, ಅದನ್ನು ಒಂದು ಡಿಗ್ರಿ ಏರಿಸಲು 2 ಕಿಲೋಜೂಲ್ ಬೇಕು ಎಂದಿಟ್ಟುಕೊಳ್ಳಿ. ಭಾಗಿಸಿದರೆ 100 ಡಿಗ್ರಿ. 80 ಡಿಗ್ರಿಯಲ್ಲಿ ನಡೆಸುವ ಕ್ರಿಯೆ 180 ಮುಟ್ಟಬಹುದು. ಬಿಟ್ಟ ಬಿಸಿಯನ್ನು ಕ್ಯಾಲರಿಮೀಟರಿನಲ್ಲಿ ಕೆಲವೇ ಗ್ರಾಂ ಬಳಸಿ ಅಳೆಯಬಹುದು.

ಅಷ್ಟಕ್ಕೇ ನಿಲ್ಲುವಂತಿಲ್ಲ. ಆ 180ರಲ್ಲಿ ಮತ್ತೊಂದು ಕ್ರಿಯೆ ಕಾದು ಕುಳಿತಿದೆಯೇ? ದ್ರಾವಕ ಕುದಿಯುತ್ತದೆಯೇ, ಉತ್ಪನ್ನ ಒಡೆದು ಅನಿಲವಾಗುತ್ತದೆಯೇ? ಟಿ2ದಲ್ಲಿ ಆದದ್ದು ಇಂಥದ್ದೇ. ಸುಮಾರು 182 ಡಿಗ್ರಿಗೆ ತಂಪು ನೀರು ಬಿಡುವ ಪದ್ಧತಿಯಿತ್ತು. ಸುಮಾರು 199ರಲ್ಲಿ ಸೋಡಿಯಂ ಮತ್ತು ದ್ರಾವಕವಾದ ಡೈಗ್ಲೈಮ್ ನಡುವೆ ಮೊದಲಿನದಕ್ಕಿಂತ ಉಗ್ರವಾದ ಕ್ರಿಯೆ ಶುರುವಾಗುತ್ತದೆ ಎಂಬುದು ತನಿಖೆಯ ಪರೀಕ್ಷೆಗಳಲ್ಲಿ ಹೊರಬಿತ್ತು. ನಡುವೆ ಇದ್ದ ಅಂತರ ಹದಿನೇಳೇ ಡಿಗ್ರಿ. ತಂಪಿಗೆ ಬದಲಿ ವ್ಯವಸ್ಥೆಯೂ ಇರಲಿಲ್ಲ. ಸೂಚನೆ ಸಿಕ್ಕಿರಲಿಲ್ಲವೆಂದಲ್ಲ: ದೊಡ್ಡ ರಿಯಾಕ್ಟರಿನ ಮೊದಲ ಹತ್ತು ಬ್ಯಾಚುಗಳಲ್ಲಿ ಮೂರರಲ್ಲಿ ಅನಿರೀಕ್ಷಿತವಾಗಿ ಬಿಸಿ ಏರಿತ್ತು. ಸ್ಫೋಟಿಸಿದ್ದು 175ನೇ ಬ್ಯಾಚು.

ಅಲ್ಲಿ ಸೋಡಿಯಂ ಸಮೇತ ಎಲ್ಲವನ್ನೂ ಮೊದಲೇ ತುಂಬಿದ್ದರು. ಒಮ್ಮೆ ಹೊತ್ತಿಕೊಂಡ ಮೇಲೆ ನಿಲ್ಲಿಸಲು ಕೈಯಲ್ಲಿ ಏನೂ ಉಳಿಯದು. ಆದ್ದರಿಂದಲೇ ಸಾಧ್ಯವಿರುವೆಡೆ ಒಂದು ರಾಸಾಯನಿಕವನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾರೆ. ತಂಪು ತಪ್ಪಿದ ಕೂಡಲೇ ನಲ್ಲಿ ಮುಚ್ಚುತ್ತಾರೆ. ಇದರಲ್ಲೂ ಒಂದು ಮೋಸವಿದೆ. ಸುರಕ್ಷಿತವೆಂದು ತೀರಾ ತಣ್ಣಗೆ ನಡೆಸಿದರೆ ಬಿಟ್ಟದ್ದು ಕ್ರಿಯೆಗಿಳಿಯದೆ ಒಳಗೇ ಜಮೆಯಾಗುತ್ತದೆ, ಆಮೇಲೆ ಒಟ್ಟಿಗೇ ಏಳುತ್ತದೆ. ನಲ್ಲಿ ಮುಚ್ಚಿದ ಮೇಲೂ ಬಿಸಿ ಬಹಳ ಹೊತ್ತು ಬರುತ್ತಲೇ ಇದ್ದರೆ, ಜಮೆ ಆಗಿದೆ ಎಂದೇ ಅರ್ಥ.