ಡಿಕ್ರಿ ಬಂದಮೇಲೂ ಬಾಣದ ಗುರುತು ಏಕೆ?

ಪ್ರಶ್ನೆ: ಸಿವಿಲ್ ದಾವೆಯ ನಕ್ಷೆ ಬರೆದು ಪರೀಕ್ಷೆಗೆ ಓದುತ್ತಿದ್ದೇನೆ. ಡಿಕ್ರಿಯಾದಮೇಲೂ ಬಾಣ ಮುಂದುವರಿಯುವುದೇಕೆ? – ಕಾನೂನು ವಿದ್ಯಾರ್ಥಿ, ಕೆಜಿಎಫ್

ಡಿಕ್ರಿ ಹಣವಲ್ಲ, ಹಣ ವಸೂಲಿಗೆ ಸಿಕ್ಕ ಹಕ್ಕು. ಬಂಗಾರಪೇಟೆಯ ವ್ಯಾಪಾರಿಯೊಬ್ಬರು ರಾಬರ್ಟ್‌ಸನ್‌ಪೇಟೆಯ ನೌಕರನಿಗೆ ಪ್ರಾಮಿಸರಿ ನೋಟಿನ ಮೇಲೆ ಸಾಲ ಕೊಟ್ಟರು ಎನ್ನಿ. ದಾವಾ ಅರ್ಜಿ, ಸಮನ್ಸ್, ಲಿಖಿತ ಹೇಳಿಕೆ, ವಿವಾದಾಂಶ, ಸಾಕ್ಷ್ಯ, ವಾದ, ತೀರ್ಪು: ಡಿಕ್ರಿವರೆಗಿನ ನೇರ ದಾರಿ ಇಷ್ಟೇ. ಸಮನ್ಸ್ ತಲುಪಿಯೂ ಪ್ರತಿವಾದಿ ಬಾರದಿದ್ದರೆ ಅಲ್ಲೊಂದು ಕವಲು, ಅದು ಏಕಪಕ್ಷೀಯ ವಿಚಾರಣೆ.

ಹೆಚ್ಚಿನವರು ತಪ್ಪಾಗಿ ಬರೆಯುವುದು ಮೇಲ್ಮನವಿಯನ್ನು. ಅದನ್ನು ಡಿಕ್ರಿ ಮತ್ತು ಅಮಲ್ಜಾರಿಯ ನಡುವೆ ಇಡಬೇಡಿ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ಕಡೆಗೆ ಒಂದು ಹಳಿ ಕವಲೊಡೆದರೂ ಮುಖ್ಯ ಮಾರ್ಗದ ರೈಲು ಓಡುತ್ತಲೇ ಇರುತ್ತದೆ, ಕೆಂಪು ದೀಪ ಬಿದ್ದರೆ ಮಾತ್ರ ನಿಲ್ಲುತ್ತದೆ. ಇಲ್ಲಿ ಕೆಂಪು ದೀಪವೆಂದರೆ ತಡೆಯಾಜ್ಞೆ. ಬರೀ ಮೇಲ್ಮನವಿ ಹಾಕಿದ್ದಕ್ಕೆ ಅಮಲ್ಜಾರಿ ನಿಲ್ಲದು.

ಸಾಲಗಾರ ತಾನಾಗಿ ಕೊಡದಿದ್ದರೆ ವ್ಯಾಪಾರಿ ಅಮಲ್ಜಾರಿಗೆ ಮತ್ತೆ ಅರ್ಜಿ ಹಾಕಬೇಕು, ಅದಕ್ಕೆ 12 ವರ್ಷ ಅವಧಿಯಿದೆ. ಸಂಬಳ ಜಪ್ತಿ ಕೇಳಿದರೂ ಪೂರ್ತಿ ಸಿಗದು. ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ನೌಕರನಿಗೇ ಉಳಿಯಬೇಕು. ಸಂಬಳ 31,000 ಆದರೆ ತಿಂಗಳಿಗೆ 10,000 ಜಪ್ತಿ. ಒಟ್ಟು 24 ತಿಂಗಳ ಜಪ್ತಿಯಾದಮೇಲೆ ಅದೇ ಡಿಕ್ರಿಗೆ ಆ ಸಂಬಳ ಮುಟ್ಟುವಂತಿಲ್ಲ. ಬಡ್ಡಿ, ಖರ್ಚು ಸೇರಿ ಬಾಕಿ 3 ಲಕ್ಷವಿದ್ದರೆ, ಉಳಿದ 60,000ಕ್ಕೆ ಸಾಲಗಾರನ ಬೇರೆ ಆಸ್ತಿ ಹುಡುಕಿ ತೋರಿಸುವ ಕೆಲಸ ಗೆದ್ದವರದೇ.