ಅನುಮತಿಗೆ ಮೊದಲು ಪ್ರಾಂಶುಪಾಲರ ಮೂರು ಪ್ರಶ್ನೆ

ಮೊರಾರ್ಜಿ ದೇಸಾಯಿ ಶಾಲೆಗಳಂಥ ವಸತಿ ಶಾಲೆಗಳಿಗೆ ಮಕ್ಕಳು ಆರನೇ ತರಗತಿಗೇ ಮನೆ ಬಿಟ್ಟು ಬರುತ್ತಾರೆ. ಹನ್ನೊಂದು ವರ್ಷದ ಮಗು ರಾತ್ರಿ ಮುಸುಕೆಳೆದುಕೊಂಡು ಅತ್ತರೆ ಅದು ಮೊದಲು ಗೊತ್ತಾಗುವುದು ಪಕ್ಕದ ಹಾಸಿಗೆಯ ಮಗುವಿಗೆ. ನಿಲಯಪಾಲಕರಿಗೆ ತಿಳಿಯುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಪ್ರಾಂಶುಪಾಲರಿಗೆ ಸುದ್ದಿ ಮುಟ್ಟುವುದು ಮಗು ಊಟ ಬಿಟ್ಟ ಮೇಲೆ, ಇಲ್ಲವೇ ಮನೆಗೆ ಹೋಗುತ್ತೇನೆಂದು ಗೇಟಿನ ಬಳಿ ನಿಂತ ಮೇಲೆ. ವಿದ್ಯಾರ್ಥಿಗಳೇ ಸೇರಿ ಮಾನಸಿಕ ಆರೋಗ್ಯ ಸಂಘ ಕಟ್ಟಬೇಕು ಎಂಬ ಆಲೋಚನೆ ಹುಟ್ಟುವುದು ಇಂಥ ಕಡೆಯಲ್ಲೇ.

ಆದರೆ ಅನುಮತಿ ಕೇಳಿ ಬರೆದ ಪತ್ರ ಬಹಳ ಸಲ ಮೇಜಿನ ಡ್ರಾಯರ್ ಸೇರುತ್ತದೆ. ಪ್ರಾಂಶುಪಾಲರಿಗೆ ಮಕ್ಕಳ ಮೇಲೆ ಕಾಳಜಿ ಇಲ್ಲವೆಂದಲ್ಲ. ಪತ್ರದ ತುಂಬ ಮನಸ್ಸಿನ ಆರೋಗ್ಯ ಎಷ್ಟು ಮುಖ್ಯ ಎಂಬ ಮಾತೇ ಇರುತ್ತದೆ, ಅವರ ತಲೆಯಲ್ಲಿರುವ ಮೂರು ಪ್ರಶ್ನೆಗಳಿಗೆ ಮಾತ್ರ ಉತ್ತರ ಇರುವುದಿಲ್ಲ. ಇದನ್ನು ನಡೆಸುವವರು ಯಾರು? ಪಾಠದ ಸಮಯ ಎಷ್ಟು ಹೋಗುತ್ತದೆ? ನಾಳೆ ಒಂದು ಮಗು ‘ಸಾಯಬೇಕು ಅನ್ನಿಸುತ್ತಿದೆ’ ಎಂದರೆ ಹೊಣೆ ಯಾರದು?

ಮೊದಲ ಪ್ರಶ್ನೆಗೆ ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದ ಪ್ರಯೋಗವೊಂದು ಉತ್ತರ ಹೇಳುತ್ತದೆ. ಅದರ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೋಡೆ ಪತ್ರಿಕೆ, ಮನದ ಮಾತು ಬರೆದು ಹಾಕುವ ಪೆಟ್ಟಿಗೆ, ಸಹಪಾಠಿಗಳ ಗುಂಪು, ಬೇಕಾದವರಿಗೆ ಒಬ್ಬರೇ ಕೂತು ಮಾತಾಡುವ ಅವಕಾಶ, ಇವು ಅದರ ಅಂಗಗಳು. ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದವರು ಶಿಕ್ಷಕರು. ಇನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ನೇಮಿಸಿ ತರಬೇತಿ ಕೊಟ್ಟವರು. ಅವರು ವೈದ್ಯರೂ ಅಲ್ಲ, ಮನಃಶಾಸ್ತ್ರಜ್ಞರೂ ಅಲ್ಲ. ಎರಡನೇ ಬಗೆಯ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಕೀಟಲೆ ಮತ್ತು ಖಿನ್ನತೆಯ ಲಕ್ಷಣಗಳು ಇಳಿದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕಾರ್ಯಕ್ರಮ ಒಂದೇ, ನಡೆಸಿದವರು ಬೇರೆ. ಪಾಠ, ಮೌಲ್ಯಮಾಪನ, ಗಣತಿಗಳ ನಡುವೆ ಹೆಗಲಿಗೆ ಬಿದ್ದ ಇನ್ನೊಂದು ಕೆಲಸವಾಗಿ ಸಂಘ ಉಳಿಯುವುದು ಕಷ್ಟ. ಹಾಗಾಗಿ ಪತ್ರ ಕೇಳಬೇಕಾದ ಮುಖ್ಯ ಸಂಗತಿ ಕೊಠಡಿಯೂ ಅಲ್ಲ, ಬ್ಯಾನರೂ ಅಲ್ಲ. ಒಬ್ಬ ಶಿಕ್ಷಕರಿಗೆ ಬೇರೆ ಕೆಲಸದಿಂದ ಬಿಡುವು ಮಾಡಿಕೊಟ್ಟ ಸಮಯ.

250 ಮಕ್ಕಳಿರುವ ವಸತಿ ಶಾಲೆಯೊಂದನ್ನು ಕಲ್ಪಿಸಿಕೊಂಡರೆ ಪತ್ರ ಹೀಗಿರಬಹುದು:

ಇವರಿಗೆ,
ಪ್ರಾಂಶುಪಾಲರು

ಮಾನ್ಯರೇ,

ವಿಷಯ: ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಸಂಘ ಆರಂಭಿಸಲು ಅನುಮತಿ ಕೋರಿ.

ಕಳೆದ ತಿಂಗಳು ಒಂಬತ್ತು ಮತ್ತು ಹತ್ತನೇ ತರಗತಿಯ ನಾವು ವಿಜ್ಞಾನ ಶಿಕ್ಷಕಿಯವರ ಸಮ್ಮುಖದಲ್ಲಿ, ಹೆಸರು ಹಾಕದೆ, ನಮ್ಮ ತೊಂದರೆಗಳನ್ನು ಚೀಟಿಯಲ್ಲಿ ಬರೆದೆವು. ಹೆಚ್ಚು ಚೀಟಿಗಳಲ್ಲಿ ಇದ್ದದ್ದು ಮೂರು ವಿಷಯ: ಪರೀಕ್ಷೆಯ ಭಯದಿಂದ ನಿದ್ದೆ ಬಾರದಿರುವುದು, ದೊಡ್ಡ ತರಗತಿಯವರ ಕೀಟಲೆ, ಮನೆಯ ನೆನಪು. ಹೇಳಿಕೊಳ್ಳಲು ಯಾರೂ ಇಲ್ಲ ಎಂದೂ ಹಲವರು ಬರೆದಿದ್ದಾರೆ.

ಸಂಘದಲ್ಲಿ ಪ್ರತಿ ತರಗತಿಯಿಂದ ಇಬ್ಬರು ಇರುತ್ತಾರೆ. ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಸೇರುತ್ತೇವೆ. ಜೂನ್, ಜುಲೈನಲ್ಲಿ ಆರನೇ ತರಗತಿಗೆ ಹೊಸದಾಗಿ ಬಂದವರಿಗೆ ಜೊತೆಯಾಗುವುದು, ಆಗಸ್ಟ್‌ನಲ್ಲಿ ಕೀಟಲೆಯ ಬಗ್ಗೆ ನಾಟಕ, ದಸರಾ ರಜೆ ಮುಗಿದ ಮೇಲೆ ನಿದ್ದೆ ಮತ್ತು ಓದಿನ ವೇಳಾಪಟ್ಟಿ ನಮ್ಮ ಕೆಲಸ. ಜನವರಿಯಿಂದ ಹತ್ತನೇ ತರಗತಿಯವರಿಗೆ ಸಂಘದ ಕೆಲಸ ಇರುವುದಿಲ್ಲ.

ನಾವು ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ, ಕಾಯಿಲೆಯ ಹೆಸರು ಹೇಳುವುದಿಲ್ಲ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡುವುದಿಲ್ಲ. ಯಾರಾದರೂ ಸಾವಿನ ಮಾತಾಡಿದರೆ ಅವರನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಹೊಣೆ ಹೊತ್ತ ಶಿಕ್ಷಕಿ, ನರ್ಸ್ ಅಥವಾ ನಿಲಯಪಾಲಕರಿಗೆ ತಿಳಿಸುತ್ತೇವೆ.

ತಮ್ಮಲ್ಲಿ ನಮ್ಮ ಕೋರಿಕೆ ಎರಡು. ಒಬ್ಬ ಶಿಕ್ಷಕರಿಗೆ ಈ ಹೊಣೆ ವಹಿಸಿ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡಬೇಕು. ತುರ್ತು ಸಂದರ್ಭದಲ್ಲಿ ಯಾರಿಗೆ ಯಾರು ಫೋನ್ ಮಾಡಬೇಕು ಎಂಬುದನ್ನು ಬರೆದು ಸಿಬ್ಬಂದಿಗೆ ಕೊಡಬೇಕು. ದಸರಾ ರಜೆಯವರೆಗೆ ನಡೆಸಿ ನೋಡಲು ಅನುಮತಿ ಕೊಟ್ಟರೆ ಸಾಕು.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿಗಳು

ಈ ಪತ್ರದಲ್ಲಿ ದೇಶದ ಅಂಕಿಅಂಶ ಇಲ್ಲ. ಬೇಕೆಂದರೆ ಒಂದು ಸಾಲು ಸೇರಿಸಬಹುದು: ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿದೆ. ಐವತ್ತು ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಮೂರು ನಾಲ್ಕು ಮಕ್ಕಳಾದರು. ಆದರೆ ತಮ್ಮ ಶಾಲೆಯ ಚೀಟಿಗಳು ಹೇಳಿದ್ದನ್ನು ಪ್ರಾಂಶುಪಾಲರು ಬದಿಗಿಡುವುದು ಇನ್ನೂ ಕಷ್ಟ.

ಪತ್ರದಲ್ಲಿ ಹೆಚ್ಚು ತೂಕವಿರುವುದು ‘ನಾವು ಮಾಡುವುದಿಲ್ಲ’ ಎಂಬ ಭಾಗಕ್ಕೆ. ಹದಿನಾಲ್ಕು ವರ್ಷದವರು ಗೆಳೆಯರ ಗುಟ್ಟನ್ನು ಪ್ರಾಣದಂತೆ ಕಾಯುತ್ತಾರೆ. ಸಂಘದಲ್ಲಿ ಆಗಬಹುದಾದ ದೊಡ್ಡ ಅನಾಹುತವೂ ಅಲ್ಲೇ ಇದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ರಾತ್ರಿ ಗೆಳತಿಯ ಕಿವಿಯಲ್ಲಿ ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂದಳು ಎಂದುಕೊಳ್ಳಿ. ಗೆಳತಿ ಬೆಳಗಾಗಲಿ ಎಂದು ಕಾಯಬಾರದು. ಒಬ್ಬಳು ಜೊತೆಗಿದ್ದು ಇನ್ನೊಬ್ಬಳು ನಿಲಯಪಾಲಕರನ್ನು ಎಬ್ಬಿಸಬೇಕು. ಅಲ್ಲಿಂದ ಮುಂದೆ ದೊಡ್ಡವರ ಕೆಲಸ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನಿಲಯಪಾಲಕರು ಅಥವಾ ನರ್ಸ್ ನೇರವಾಗಿ ಕೇಳಬಹುದು; ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪ್ರಾಂಶುಪಾಲರಿಗೂ ಪೋಷಕರಿಗೂ ಅದೇ ರಾತ್ರಿ ತಿಳಿಸಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಹತ್ತಿರದಲ್ಲಿದೆ ಎನಿಸಿದರೆ ಫೋನ್ ಸಾಲದು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಪೆಟ್ಟಿಗೆಗೆ ಬಿದ್ದ ಚೀಟಿಯಲ್ಲಿ ಲೈಂಗಿಕ ಕಿರುಕುಳದ ಮಾತಿದ್ದರೆ ದಾರಿ ಬೇರೆ. ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯೊಳಗೇ ಬಗೆಹರಿಸಿ ಮುಗಿಸುವಂತಿಲ್ಲ. ಆದ್ದರಿಂದ ಪೆಟ್ಟಿಗೆಯ ಬೀಗದ ಕೈ ವಿದ್ಯಾರ್ಥಿಗಳ ಬಳಿ ಇರಬಾರದು. ಇಬ್ಬರು ಸಿಬ್ಬಂದಿ ಜೊತೆಗೂಡಿ ತೆರೆಯಬೇಕು.

ಹೊಣೆಯ ಭಯಕ್ಕೆ ಕಾನೂನಿನ ಕಡೆಯಿಂದಲೂ ಉತ್ತರವಿದೆ. ಜುಲೈ 2025ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳ ಪ್ರಕಾರ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು, ಸಹಾಯವಾಣಿಯ ಸಂಖ್ಯೆ ಎದ್ದು ಕಾಣುವಂತೆ ಬರೆದಿರಬೇಕು. ಅಂದರೆ ಸಂಘ ಬೇಡವೆಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಹಾಗೆಯೇ, ಸಂಘ ಇದೆ ಎಂಬ ನೆಪದಲ್ಲಿ ಆಪ್ತಸಮಾಲೋಚಕರ ಜಾಗ ಖಾಲಿ ಬಿಡುವಂತೆಯೂ ಇಲ್ಲ.

ದಸರಾ ಹೊತ್ತಿಗೆ ಸಂಘದ ಕೆಲಸವನ್ನು ಅಳೆಯುವುದು ಹೇಗೆ? ಚೀಟಿಗಳು ಕಡಿಮೆಯಾದವೇ ಎಂದು ನೋಡುವವರು ಮೋಸ ಹೋಗುತ್ತಾರೆ. ಮೊದಲ ತಿಂಗಳುಗಳಲ್ಲಿ ಚೀಟಿಗಳು ಹೆಚ್ಚಾದರೆ ಮಕ್ಕಳಿಗೆ ನಂಬಿಕೆ ಬಂದಿದೆ ಎಂದರ್ಥ. ನೋಡಬೇಕಾದದ್ದು ಚೀಟಿಗೆ ಒಂದು ವಾರದೊಳಗೆ ಉತ್ತರ ಸಿಕ್ಕಿತೇ, ಮೊದಲು ತಿಳಿದವರಿಂದ ದೊಡ್ಡವರಿಗೆ ಸುದ್ದಿ ಅದೇ ದಿನ ಮುಟ್ಟಿತೇ ಎಂಬುದನ್ನು. ಶನಿವಾರದ ಪೀರಿಯಡ್ ಗಣಿತಕ್ಕೆ ಹೋಗುತ್ತಿದ್ದರೆ, ಪೆಟ್ಟಿಗೆಯ ಬೀಗ ವಾರಗಟ್ಟಲೆ ತೆರೆಯದಿದ್ದರೆ, ಸಂಘ ಹೆಸರಿಗಷ್ಟೇ ಇದೆ ಎಂದು ತಿಳಿಯಬೇಕು.

ಹೀಗಾಗಿ ‘ಆಗಲಿ, ಮಾಡಿ’ ಎಂಬ ಬಾಯಿಮಾತಿನ ಒಪ್ಪಿಗೆಗೆ ಖುಷಿಪಟ್ಟು ಎದ್ದು ಬರಬಾರದು. ಹೊಣೆ ಹೊತ್ತ ಶಿಕ್ಷಕರ ಹೆಸರು, ಬಿಡುವು ಕೊಟ್ಟ ಪೀರಿಯಡ್, ತುರ್ತಿನಲ್ಲಿ ಫೋನ್ ಮಾಡಬೇಕಾದವರ ಪಟ್ಟಿ, ಈ ಮೂರೂ ಪ್ರಾಂಶುಪಾಲರ ಸಹಿಯೊಡನೆ ಕಾಗದದ ಮೇಲೆ ಬಂದ ದಿನ ಸಂಘ ಶುರುವಾಯಿತೆಂದು ಲೆಕ್ಕ.