ಮಳಿ ಹೋಗಿ ಮನೆಯಾದಾಗ

‘ಎರಡೆಕರೆ ಜ್ವಾಳ ಬಿತ್ತಿದ್ವಿ, ಮಳಿ ಬರಲಿಲ್ಲ.’

ಉತ್ತರ ಕರ್ನಾಟಕದ ಹಳ್ಳಿಯೊಂದರ ಕಟ್ಟೆಯ ಮೇಲೆ ಕೂತು ರೈತರೊಬ್ಬರು ಹೀಗೆ ಹೇಳಿದರು ಎಂದಿಟ್ಟುಕೊಳ್ಳಿ. ಪಕ್ಕದಲ್ಲೇ ಹಿಟ್ಟಿನ ಗಿರಣಿ ಓಡುತ್ತಿದೆ. ಸಂದರ್ಶನಕ್ಕೆ ಬಂದವರ ಮೊಬೈಲು ಅವರಿಂದ ಒಂದು ಮೀಟರ್ ದೂರದಲ್ಲಿದೆ. ಆ ಧ್ವನಿಯನ್ನು ಮಾತು ಬರೆದುಕೊಡುವ ತಂತ್ರಾಂಶಕ್ಕೆ ಕೊಟ್ಟರೆ ಅದು ಹೀಗೆ ಬರೆಯಬಹುದು: ‘ಎರಡು ಎಕರೆ ಜೋಳ ಬಿತ್ತಿದ್ದೆವು ಮನೆ ಬರಲಿಲ್ಲ.’

ಮಳಿ ಮನೆಯಾಗಲು ಮೊದಲ ಕಾರಣ ದೂರ. ಬಯಲಿನಲ್ಲಿ ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಮೊಬೈಲನ್ನು ಒಂದು ಮೀಟರಿನಿಂದ ಗೇಣುದ್ದಕ್ಕೆ ತಂದರೆ ಏರಿಕೆ 12 ಡೆಸಿಬೆಲ್ ದಾಟುತ್ತದೆ. ಗಿರಣಿಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಹಾಗೆಂದು ಅಂಗಿಯ ಜೇಬಿಗೆ ಹಾಕಬೇಡಿ, ಬಟ್ಟೆಯ ಸರಪರ ಗಿರಣಿಗಿಂತ ಕೆಟ್ಟದ್ದು.

ಊರಿಗೆ ಮರಳಿದ ಮೇಲೆ ಗದ್ದಲ ತೆಗೆಯುವ ಆ್ಯಪ್‌ಗೆ ಧ್ವನಿ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಕೇಳಲು ಹಿತವಾಗುತ್ತದೆ, ನಿಜ. ಆದರೆ ಅದು ಗದ್ದಲ ಕೆರೆಯುವಾಗ ಸ, ಶ, ತ, ಟಗಳ ತೆಳು ಸದ್ದನ್ನೂ ಕೆರೆದುಬಿಡುತ್ತದೆ. ವಿಸ್ಪರ್‌ನಂಥ ಮಾದರಿ ಕಲಿತದ್ದು ಅಂತರ್ಜಾಲದಿಂದ ತಂದ 6,80,000 ಗಂಟೆಗಳ ಧ್ವನಿಯಿಂದ. ಗದ್ದಲ ಅದಕ್ಕೆ ಹೊಸತಲ್ಲ, ಹೀಗೆ ಕೆರೆಸಿಕೊಂಡ ಮಾತೇ ಅಪರಿಚಿತ. ಹಾಗಾಗಿ ಶುದ್ಧಿ ಮಾಡಿದ ಮೇಲೆ ತಪ್ಪು ಹೆಚ್ಚುವುದೂ ಉಂಟು. ಹತ್ತು ನಿಮಿಷದ ಮಾತನ್ನು ಕೈಯಿಂದ ಬರೆದು, ಎರಡೂ ಬಗೆಯ ಧ್ವನಿಯ ಫಲಿತಾಂಶವನ್ನು ಅದರೊಂದಿಗೆ ಹೋಲಿಸಿದರೆ ಗೊತ್ತಾಗುತ್ತದೆ.

ಗದ್ದಲ ನಿಜವಾಗಿ ಉಪಯೋಗಕ್ಕೆ ಬರುವುದು ತರಬೇತಿಯಲ್ಲಿ. ಯಾರೂ ಮಾತಾಡದಿರುವಾಗ ಗಿರಣಿಯ ಸದ್ದನ್ನಷ್ಟೇ ಎರಡು ನಿಮಿಷ ಹಿಡಿದಿಟ್ಟುಕೊಳ್ಳಿ. ಅದೇ ಸೀಮೆಯವರ ಸ್ಪಷ್ಟ ಮಾತಿಗೆ ಅದನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಬೆರೆಸಿ ಮಾದರಿಗೆ ಮತ್ತೆ ಕಲಿಸಿದರೆ, ಅದು ಗಿರಣಿಯನ್ನು ದಾಟಿ ಕೇಳಲು ಕಲಿಯುತ್ತದೆ.

ಇನ್ನೊಂದು ಮೋಸವಿದೆ. ರೈತರು ಚಹಾ ತರಲು ಎದ್ದುಹೋದಾಗ ಬರೀ ಗಿರಣಿ ಕೇಳುತ್ತಿದ್ದರೂ ವಿಸ್ಪರ್ ಯಾರೂ ಆಡದ ಮಾತು ಬರೆಯಬಲ್ಲದು. ಒಂದೇ ವಾಕ್ಯ ಮೂರ್ನಾಲ್ಕು ಸಲ ಬಂದಿದ್ದರೆ ಅನುಮಾನಪಡಿ. ಮಾತಿಲ್ಲದ ತುಣುಕುಗಳನ್ನು ಮೊದಲೇ ಕತ್ತರಿಸಿದರೆ ಈ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ.

ಈಗ ಮೊದಲ ವಾಕ್ಯದ ತಪ್ಪು ಎಣಿಸೋಣ. ರೂಢಿಯ ಅಳತೆಯಲ್ಲಿ ಬದಲಾದ, ಬಿಟ್ಟುಹೋದ, ಹೆಚ್ಚಾಗಿ ಬಂದ ಪದಗಳನ್ನು ಕೂಡಿ, ಆಡಿದ ಪದಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ‘ಎರಡೆಕರೆ’ ಒಡೆದದ್ದಕ್ಕೆ ಎರಡು ತಪ್ಪು, ಜೋಳಕ್ಕೆ ಒಂದು, ‘ಬಿತ್ತಿದ್ದೆವು’ಗೆ ಒಂದು, ಮನೆಗೆ ಒಂದು. ಐದು ಪದಕ್ಕೆ ಐದು ತಪ್ಪು, ಅಂದರೆ ಶೇ. 100! ಬೆಳೆಯ ಲೆಕ್ಕ ಕೇಳಲು ಹೋದವರಿಗೆ ಇದರಲ್ಲಿ ನಿಜವಾದ ತಪ್ಪು ಮನೆಯೊಂದೇ. ಆಡುಮಾತಿನ ಅಧ್ಯಯನಕ್ಕೆ ಹೋದವರಿಗಾದರೋ ಜ್ವಾಳ ಜೋಳವಾದದ್ದೂ ನಷ್ಟವೇ. ಸಂಧಿ ಬಿಡಿಸಬೇಕೆ, ಜ್ವಾಳವನ್ನು ಜ್ವಾಳವೆಂದೇ ಬರೆಯಬೇಕೆ ಎಂಬುದನ್ನು ತಂಡ ಮೊದಲೇ ತೀರ್ಮಾನಿಸದಿದ್ದರೆ, ಮಾದರಿ ಸುಧಾರಿಸಿತೋ ಇಲ್ಲವೋ ಎಂದು ಅಂಕಿಯಿಂದ ತಿಳಿಯುವುದೇ ಇಲ್ಲ.